ಸತ್ತವರ ಮಾತು, ಉಳಿದವರ ಸಹಿ

34 ವರ್ಷದ ಮಹಿಳೆಯೊಬ್ಬರ ಮಿದುಳು ಸಾವು ದೃಢಪಟ್ಟಿದೆ. ಮೂರು ವರ್ಷದ ಹಿಂದೆಯೇ ಅವರು ಅಂಗದಾನಕ್ಕೆ ಹೆಸರು ನೋಂದಾಯಿಸಿದ್ದರು. ಈಗ ಅಣ್ಣ ಬೇಡವೆನ್ನುತ್ತಾರೆ. ಕಾನೂನು ದಾನಿಯ ಪರವಾಗಿದ್ದರೂ ಇಂಥ ಹೊತ್ತಿನಲ್ಲಿ ವೈದ್ಯರು ಹಿಂದೆ ಸರಿಯುವುದೇ ಹೆಚ್ಚು. ಅದು ತಪ್ಪು. ಉಯಿಲು ಇಷ್ಟವಾಗಲಿಲ್ಲವೆಂದು ಅದನ್ನು ಹರಿದುಹಾಕುವ ಹಕ್ಕನ್ನು ನಾವು ಯಾವ ಬಂಧುವಿಗೂ ಕೊಟ್ಟಿಲ್ಲ.

ಆದರೆ ಅಣ್ಣನ ನಿರಾಕರಣೆಗೂ ಕಾರಣವಿದೆ. ವೆಂಟಿಲೇಟರ್‌ನಿಂದ ತಂಗಿಯ ಎದೆ ಏರಿಳಿಯುತ್ತಿದೆ, ಕೈ ಬೆಚ್ಚಗಿದೆ. ಸಾವನ್ನೇ ನಂಬದವರ ಮುಂದೆ ದಾನದ ಅರ್ಜಿ ಹಿಡಿದರೆ 'ಇಲ್ಲ' ಎಂದೇ ಹೇಳುತ್ತಾರೆ. ಬಯಸಿದ ಬಂಧುಗಳಿಗೆ ಉಸಿರಾಟದ ಪರೀಕ್ಷೆಯನ್ನು ಕಣ್ಣಾರೆ ನೋಡಲು ಬಿಡಬೇಕು. ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್ ಕಳಚುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಒತ್ತಡ, ಜೀವಂತ ಮಿದುಳಾದರೆ ಉಸಿರೆಳೆಯಲು ಒತ್ತಾಯಿಸುವ 60 ಮಿ.ಮೀ. ಪಾದರಸದ ಮಟ್ಟ ಮುಟ್ಟಿದರೂ ಎದೆ ಒಮ್ಮೆಯೂ ಅಲುಗುವುದಿಲ್ಲ. ಆ ನಿಶ್ಚಲತೆ ಹತ್ತು ವಿವರಣೆಗಿಂತ ಹೆಚ್ಚು ಹೇಳುತ್ತದೆ. ಸಾವಿನ ಸುದ್ದಿ ಹೇಳಿದ ಉಸಿರಿನಲ್ಲೇ ದಾನದ ಮಾತೆತ್ತಬಾರದು. ಎತ್ತುವವರು ಚಿಕಿತ್ಸೆ ನೀಡಿದ ವೈದ್ಯರಲ್ಲ, ತರಬೇತಾದ ಕಸಿ ಸಂಯೋಜಕರಾಗಿರಬೇಕು.

ಬೇಡವೆನ್ನದವರೆಲ್ಲ ಒಪ್ಪಿದಂತೆ ಎಂಬ ಕಾನೂನೇ ಪರಿಹಾರವೆನ್ನುವವರಿದ್ದಾರೆ. ಬ್ರೆಜಿಲ್ 1997ರಲ್ಲಿ ಅದನ್ನು ತಂದು, ಜನರ ಅಪನಂಬಿಕೆಗೆ ಮಣಿದು ಮರುವರ್ಷವೇ ಕೈಬಿಟ್ಟಿತು. ಸ್ಪೇನ್‌ನಲ್ಲಿ 1979ರಿಂದ ಇಂಥದೇ ಕಾನೂನಿದ್ದರೂ ಕುಟುಂಬವನ್ನು ಕೇಳದೆ ಮುಂದುವರಿಯುವುದಿಲ್ಲ. ಅಲ್ಲಿನ ಯಶಸ್ಸಿನ ಬಹುಪಾಲು ಸಲ್ಲಬೇಕಾದ್ದು 1989ರ ನಂತರ ಆಸ್ಪತ್ರೆಗಳಲ್ಲಿ ಬೆಳೆದ ಸಂಯೋಜಕರ ಜಾಲಕ್ಕೆ. ಇನ್ನೊಂದು ಅಡ್ಡಿ ನ್ಯಾಯದ್ದು. ಕಾನೂನಿನ ಸುದ್ದಿಯೇ ತಲುಪದವರ ಮೌನ ಸಮ್ಮತಿಯಾಗದು. ಕಸಿಯ ನಂತರ ಬದುಕಿಡೀ ನುಂಗಬೇಕಾದ ಮಾತ್ರೆಗಳ ಖರ್ಚು ತಾಳಲಾಗದವರಿಗೆ ಕಾಯುವ ಪಟ್ಟಿಯಲ್ಲೇ ಜಾಗ ಸಿಗುವುದು ಕಷ್ಟ. ಕೊಡುವ ಸಾಲಿನಲ್ಲಿ ಮಾತ್ರ ಅವರನ್ನು ತಾನಾಗಿ ನಿಲ್ಲಿಸುವುದು ದಾನವಲ್ಲ, ವಸೂಲಿ. ಮಾತ್ರೆಗಳ ಹೊಣೆ ಸರ್ಕಾರ ಹೊರುವವರೆಗೆ ಮೌನವನ್ನು ಒಪ್ಪಿಗೆಯೆಂದು ಓದುವ ಅರ್ಹತೆ ಅದಕ್ಕಿಲ್ಲ.

ನೋಂದಣಿಯೂ ಗಟ್ಟಿಯಾಗಿರಬೇಕು. ಯಾವ್ಯಾವ ಅಂಗ, ಯಾವ ದಿನಾಂಕ, ಮನೆಯಲ್ಲಿ ಯಾರಿಗೆ ತಿಳಿಸಲಾಗಿದೆ ಎಂಬುದು ಅದರಲ್ಲಿರಲಿ. ಬೇರೆ ಅರ್ಜಿಯ ಮೂಲೆಯಲ್ಲಿ ಅವಸರದಲ್ಲಿ ಹಾಕಿದ ಗುರುತು ಅಣ್ಣನ ಕಣ್ಣೀರಿನ ಮುಂದೆ ನಿಲ್ಲಲಾರದು.

ಹಾಗಾದರೆ ಕುಟುಂಬದ ಪಾತ್ರವೇನು? ಅವರು ಸಾಕ್ಷಿಗಳು. ದಾಖಲೆ ಇಲ್ಲದಿದ್ದಾಗ 'ನೀವು ಕೊಡುತ್ತೀರಾ?' ಎಂದಲ್ಲ, 'ಅವರಿದ್ದಿದ್ದರೆ ಏನನ್ನುತ್ತಿದ್ದರು?' ಎಂದು ಕೇಳಬೇಕು. ದಾಖಲೆ ಇದ್ದಾಗ, ಆಕೆ ಆಮೇಲೆ ಮನಸ್ಸು ಬದಲಿಸಿದ್ದರೆಂದು ಅಣ್ಣ ಹೇಳಿದರೆ ಅದನ್ನು ಪರಿಶೀಲಿಸಲೇಬೇಕು. ತನಗೆ ಒಪ್ಪಿಗೆಯಿಲ್ಲ ಎಂದಷ್ಟೇ ಹೇಳಿದರೆ, ಶಸ್ತ್ರಚಿಕಿತ್ಸೆಗೆ ಮುಂಚೆ ತಂಗಿಯ ಪಕ್ಕ ಕೂರಲು ಬಿಡಿ, ದೇಹ ಎಷ್ಟು ಹೊತ್ತಿಗೆ ಕೈಸೇರುತ್ತದೆಂದು ಬರೆದುಕೊಡಿ, ಆ ಹೊತ್ತನ್ನು ಮೀರಬೇಡಿ. ಆಕೆಯ ಸಹಿ ಮಾತ್ರ ಹಾಗೇ ಉಳಿಯಲಿ.