ಬಂದರಿನ ಲೆಕ್ಕಕ್ಕೆ ಎರಡು ಫೋನ್‌ಗಳು: ಸೌಲಭ್ಯಗಳ ಹೋಲಿಕೆ ಪಟ್ಟಿ

ಕಾರ್ಯಕಾರಿ ಸಮಿತಿಯ ಸದಸ್ಯರ ಗಮನಕ್ಕೆ

ಕಾರವಾರದ ಬೈತಖೋಲ್ ಬಂದರಿನಲ್ಲಿ ಬೆಳಗಿನ ಜಾವ ಮೀನಿನ ತೂಕ ದಾಖಲಿಸಿ, ಬುಟ್ಟಿಗಳ ಫೋಟೊ ತೆಗೆದು ಕಚೇರಿಗೆ ಕಳುಹಿಸುವ ನಮ್ಮ ನಾಲ್ವರು ಸಿಬ್ಬಂದಿಗೆ ಒಂದೇ ಮಾದರಿಯ ಫೋನ್ ಕೊಡಿಸಬೇಕೆಂದು ಕಳೆದ ಸಭೆಯಲ್ಲಿ ತೀರ್ಮಾನವಾಗಿತ್ತು. ಪೇಟೆಯ ಅಂಗಡಿಯೊಂದು 2023ರಲ್ಲಿ ಬಿಡುಗಡೆಯಾದ ಎರಡು ಮಾದರಿಗಳ ಬಳಸಿದ, ದುರಸ್ತಿಯಾದ ಫೋನ್‌ಗಳಿಗೆ ದರ ನೀಡಿದೆ: ಪಿಕ್ಸೆಲ್‌ಗೆ ತಲಾ 18,500 ರೂಪಾಯಿ, ಗ್ಯಾಲಕ್ಸಿಗೆ ತಲಾ 17,000 ರೂಪಾಯಿ.

ಪಟ್ಟಿಯಲ್ಲಿ ✓ ಎಂದರೆ ಆ ಸೌಲಭ್ಯವಿದೆ. ✗ ಎಂದರೆ ಫೋನಿನಲ್ಲಿ ಅದು ಇಲ್ಲವೇ ಇಲ್ಲ. — ಎಂದರೆ ಮೂಲ ಸೌಲಭ್ಯವೇ ಇಲ್ಲದ ಕಾರಣ ಅದರ ಅಳತೆಯ ಪ್ರಶ್ನೆ ಏಳುವುದಿಲ್ಲ. ಖಾಲಿ ಚೌಕವನ್ನು ಕಂಡವರು ‘ಇಲ್ಲ’ ಎಂದೂ ‘ಬರೆಯಲು ಮರೆತರು’ ಎಂದೂ ಓದಿಕೊಳ್ಳಬಹುದಾದ್ದರಿಂದ ಎಲ್ಲಿಯೂ ಖಾಲಿ ಬಿಟ್ಟಿಲ್ಲ.

| ವಿವರ | ಗೂಗಲ್ ಪಿಕ್ಸೆಲ್ 7ಎ | ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ54 5ಜಿ |
|---|---|---|
| ಪರದೆ | 6.1 ಇಂಚು, 90 ಹರ್ಟ್ಜ್ | 6.4 ಇಂಚು, 120 ಹರ್ಟ್ಜ್ |
| ತೂಕ | 193.5 ಗ್ರಾಂ | 202 ಗ್ರಾಂ |
| ರ‍್ಯಾಮ್ / ಸಂಗ್ರಹ | 8 / 128 ಜಿಬಿ | 8 / 128 ಜಿಬಿ |
| ಮೆಮೊರಿ ಕಾರ್ಡ್ | ✗ | ✓ |
| ಕಾರ್ಡಿನ ಗರಿಷ್ಠ ಸಾಮರ್ಥ್ಯ | — | 1 ಟಿಬಿ |
| ಬ್ಯಾಟರಿ | 4385 ಎಂಎಎಚ್ | 5000 ಎಂಎಎಚ್ |
| ತಂತಿಯ ಚಾರ್ಜಿಂಗ್ | 18 ವ್ಯಾಟ್ | 25 ವ್ಯಾಟ್ |
| ವೈರ್‌ಲೆಸ್ ಚಾರ್ಜಿಂಗ್ | ✓ | ✗ |
| ಅದರ ಗರಿಷ್ಠ ಶಕ್ತಿ | 7.5 ವ್ಯಾಟ್ | — |
| ಮುಖ್ಯ ಕ್ಯಾಮೆರಾ | 64 ಮೆಗಾಪಿಕ್ಸೆಲ್ | 50 ಮೆಗಾಪಿಕ್ಸೆಲ್ |
| ಕೈನಡುಕ ಸರಿಪಡಿಸುವ ಲೆನ್ಸ್ ವ್ಯವಸ್ಥೆ | ✓ | ✓ |
| ಮ್ಯಾಕ್ರೊ ಕ್ಯಾಮೆರಾ | ✗ | ✓ 5 ಮೆಗಾಪಿಕ್ಸೆಲ್ |
| ಎರಡು ಸಿಮ್ ಚಿಪ್‌ಗಳು ಒಟ್ಟಿಗೆ | ✗ (ಒಂದು ಚಿಪ್, ಒಂದು ಇ-ಸಿಮ್) | ✓ (ಆಗ ಕಾರ್ಡಿಗೆ ಜಾಗವಿಲ್ಲ) |
| ನೀರು, ಧೂಳಿನ ರಕ್ಷಣೆ | ✓ ಐಪಿ67 | ✓ ಐಪಿ67 |
| 3.5 ಮಿ.ಮೀ. ಇಯರ್‌ಫೋನ್ ಕಿಂಡಿ | ✗ | ✗ |
| ಪೆಟ್ಟಿಗೆಯಲ್ಲಿ ಚಾರ್ಜರ್ | ✗ | ✗ |

ಎರಡಕ್ಕೂ ಬಿಡುಗಡೆಯಿಂದ ಐದು ವರ್ಷಗಳ ಭದ್ರತಾ ಅಪ್‌ಡೇಟ್ ಘೋಷಣೆಯಾಗಿದ್ದು, ಆ ಅವಧಿ 2028ಕ್ಕೆ ಮುಗಿಯುವುದರಿಂದ ಇಲ್ಲಿ ಆಯ್ಕೆಯ ಪ್ರಶ್ನೆಯಿಲ್ಲ.

ಪಟ್ಟಿಯಲ್ಲಿ ಅತಿ ಹೆಚ್ಚು ಮೋಸಗೊಳಿಸಬಲ್ಲ ಸಾಲು ಐಪಿ67. ಒಂದು ಮೀಟರ್ ಆಳದ ನೀರಿನಲ್ಲಿ ಮೂವತ್ತು ನಿಮಿಷ ಇದ್ದರೂ ಒಳಗೆ ನೀರು ಹೋಗದು ಎಂಬುದು ಅದರ ಅರ್ಥ. ಆದರೆ ಆ ಪರೀಕ್ಷೆ ಸಿಹಿನೀರಿನದು, ಸಮುದ್ರದ ಉಪ್ಪುನೀರಿನದಲ್ಲ. ಅಲ್ಲದೆ ಬಿಚ್ಚಿ ದುರಸ್ತಿ ಮಾಡಿದ ಫೋನಿನಲ್ಲಿ ಅಂಚಿನ ಅಂಟು ಮೊದಲಿನಂತೆ ಕೂತಿದೆಯೆಂದು ನಂಬಲಾಗದು. ಆದ್ದರಿಂದ ಇಲ್ಲಿನ ಎರಡೂ ✓ ಗುರುತುಗಳನ್ನು ಮಳೆಯ ಹನಿಗೆ ಆಸರೆಯೆಂದಷ್ಟೇ ಓದಬೇಕು, ದೋಣಿಯಿಂದ ಬಿದ್ದರೂ ಫೋನ್ ಉಳಿಯುತ್ತದೆ ಎಂದಲ್ಲ.

ಇದೇ ಕಾರಣಕ್ಕೆ ನಮಗೆ ವೈರ್‌ಲೆಸ್ ಚಾರ್ಜಿಂಗ್ ಸಾಲು ಬೇರೆ ಊರಿನವರಿಗಿಂತ ಹೆಚ್ಚು ಮುಖ್ಯವಾಗುತ್ತದೆ. ಹಳೆಯ ಮೂರು ಫೋನ್‌ಗಳು ಕೆಟ್ಟಿದ್ದು ಪರದೆಯಿಂದಲ್ಲ. ಚಾರ್ಜಿಂಗ್ ಪೋರ್ಟ್‌ನಲ್ಲಿ ಉಪ್ಪಿನ ತೇವ ಕೂತು ಪಿನ್‌ಗಳು ಹಸಿರು ಹಿಡಿದದ್ದರಿಂದ. ಎರಡೂ ಮಾದರಿಗಳು ಪೋರ್ಟ್‌ನಲ್ಲಿ ತೇವ ಕಂಡಾಗ ಎಚ್ಚರಿಸಿ ಚಾರ್ಜಿಂಗ್ ತಡೆಯುತ್ತವೆ. ಆಗ ಗ್ಯಾಲಕ್ಸಿ ಒಣಗುವವರೆಗೆ ಕಾಯಬೇಕಾದರೆ, ಪಿಕ್ಸೆಲ್ಲನ್ನು ಹೊರಮೈ ಒರೆಸಿ ಚಾರ್ಜಿಂಗ್ ತಟ್ಟೆಯ ಮೇಲಿಡಬಹುದು, 7.5 ವ್ಯಾಟ್ ನಿಧಾನವೇ ಆದರೂ ಮಧ್ಯಾಹ್ನ ಕಚೇರಿಯಲ್ಲಿ ಕೂರುವ ಹೊತ್ತಿಗೆ ಸಾಲುತ್ತದೆ. ತಟ್ಟೆಗಳ ಖರ್ಚು ಬೇರೆಯಾಗಿ ಬರುತ್ತದೆ.

ಬ್ಯಾಟರಿ, ಕಾರ್ಡು, ಮ್ಯಾಕ್ರೊ ಕ್ಯಾಮೆರಾ ಮೂರರಲ್ಲೂ ಗ್ಯಾಲಕ್ಸಿಯದೇ ಮೇಲುಗೈ ಎಂಬುದು ನಿಜ. ಆದರೆ ಫೋಟೊಗಳು ವಾರಕ್ಕೊಮ್ಮೆ ಕಚೇರಿಯ ಕಂಪ್ಯೂಟರಿಗೆ ಹೋಗುವುದರಿಂದ 128 ಜಿಬಿ ತುಂಬುವ ಭಯವಿಲ್ಲ, ಬುಟ್ಟಿಯ ಫೋಟೊಗೆ ಮ್ಯಾಕ್ರೊ ಬೇಕಿಲ್ಲ. ಸಿಮ್ ಸಾಲು ಮಾತ್ರ ನಿರ್ಲಕ್ಷಿಸುವಂಥದ್ದಲ್ಲ: ಮಾಜಾಳಿ ಕಡೆ ಹೋಗುವ ಇಬ್ಬರು ಎರಡು ಕಂಪನಿಗಳ ಸಿಮ್ ಬಳಸುತ್ತಿದ್ದು, ಪಿಕ್ಸೆಲ್ ಕೊಂಡರೆ ಅದರಲ್ಲೊಂದನ್ನು ಇ-ಸಿಮ್ ಆಗಿ ಬದಲಿಸಿಕೊಳ್ಳಬೇಕಾಗುತ್ತದೆ.

ಇವೆಲ್ಲವನ್ನು ತೂಗಿ ನಾಲ್ಕು ಪಿಕ್ಸೆಲ್ 7ಎ ಕೊಳ್ಳಲು ಶಿಫಾರಸು ಮಾಡುತ್ತೇನೆ. ಫೋನಿನ ಹಿಂಬದಿ ಬಿಚ್ಚಲಾಗಿದೆಯೇ, ಬ್ಯಾಟರಿ ಬದಲಾಗಿದೆಯೇ ಎಂಬುದನ್ನು ಅಂಗಡಿಯವರು ಪ್ರತಿ ಬಿಲ್ಲಿನಲ್ಲಿ ಬರೆದುಕೊಟ್ಟ ನಂತರವೇ ಹಣ ಪಾವತಿಸಬೇಕು.

ಕಾರ್ಯದರ್ಶಿ