ಅಕ್ಕನ ವಚನದ ಬಗ್ಗೆ ಸಿರಿಗೆ

ಪ್ರೀತಿಯ ಸಿರಿ,

ರೂಪವೇ ಇಲ್ಲದವನು ಚೆಲುವ ಹೇಗಾದಾನು ಎಂದು ಕೇಳಿದ್ದೀಯೆ. 12ನೆಯ ಶತಮಾನದ ಅಕ್ಕಮಹಾದೇವಿ ‘ಸಾವಿಲ್ಲದ ಕೇಡಿಲ್ಲದ ರೂಹಿಲ್ಲದ ಚೆಲುವ’ನಿಗೆ, ಎಂದರೆ ತನ್ನ ಚೆನ್ನಮಲ್ಲಿಕಾರ್ಜುನನೆಂಬ ಶಿವನಿಗೆ, ಒಲಿದೆನೆನ್ನುವಾಗ ‘ರೂಹು’ ಎಂದರೆ ರೂಪವೇ. ಅಜ್ಜಿಯ ಮದುವೆಯ ಫೋಟೊ ಹಳದಿಗಟ್ಟಿದರೂ ತಾತನ ಮೇಲಿನ ಅವರ ಅಕ್ಕರೆ ಮಾಸದಿರುವುದನ್ನು ನೀನೇ ಕಂಡಿರುವೆಯಲ್ಲ, ಅಂಥ ಮಾಸದ ಚೆಲುವನ್ನೇ ಅಕ್ಕ ಅರಸಿದಳು.

‘ಎಡೆಯಿಲ್ಲದ ಕಡೆಯಿಲ್ಲದ’ ಎಂದರೆ ಅವನಿಗೆ ಇಂಥದ್ದೇ ಎಂಬ ತಾಣವಿಲ್ಲ, ಕೊನೆಯಿಲ್ಲ. ‘ತೆರಹಿಲ್ಲದ’ ಎಂದರೆ ಅವನಿಲ್ಲದ ಬರಿದು ಜಾಗವೇ ಇಲ್ಲ. ‘ಭವ’ವೆಂಬುದು ಹುಟ್ಟುಸಾವುಗಳ ಸುತ್ತು; ಅದೂ ಅವನಿಗಿಲ್ಲ.

ನಿನ್ನನ್ನು ಹೆಚ್ಚು ಕಾಡಿದ ‘ಗಂಡ’ ಎಂಬ ಮಾತು ಶರಣರ ‘ಶರಣಸತಿ, ಲಿಂಗಪತಿ’ ಭಾವಕ್ಕೆ ಸೇರಿದ್ದು: ಭಕ್ತರು, ಗಂಡಸರೂ ಕೂಡ, ತಮ್ಮನ್ನು ಸತಿಯೆಂದೇ ಭಾವಿಸಿದರು. ಅಕ್ಕನಿಗಾದರೋ ಅದು ಬರಿಯ ಸಂಕೇತವಲ್ಲ, ಬಾಳೇ ಎಂದು ನನ್ನ ನಂಬಿಕೆ. ‘ಸಾವ ಕೆಡುವ ಗಂಡರ’ನ್ನು ಒಲೆಯೊಳಗಿಕ್ಕು ಎಂದವಳೂ ಅವಳೇ.

ನಿನ್ನ ಅತ್ತೆ