ಸಿವಿಲ್ ಇಂಜಿನಿಯರಿಂಗ್ ಹಳೆ ಪುಸ್ತಕಗಳು ಕೊಡುವುದಿದೆ (ಶಿವಮೊಗ್ಗ / ತೀರ್ಥಹಳ್ಳಿ)

ನಮಸ್ಕಾರ. ನಾನು ಸಿವಿಲ್ ಕೊನೆಯ ವರ್ಷದವಳು, ವಿಟಿಯು 2022ರ ಸ್ಕೀಮ್. ರೂಮ್ ಇರುವುದು ನವುಲೆಯಲ್ಲಿ, ಊರು ತೀರ್ಥಹಳ್ಳಿ ಹತ್ತಿರ. ಜೂನ್ 20ಕ್ಕೆ ರೂಮ್ ಖಾಲಿ ಮಾಡಬೇಕು. ಅಷ್ಟರೊಳಗೆ ನನ್ನ ಪುಸ್ತಕಗಳು ಓದುವವರ ಕೈ ಸೇರಲಿ ಅಂತ ಆಸೆ. ಗುಜರಿಗೆ ತೂಕಕ್ಕೆ ಹಾಕಲು ಮನಸ್ಸಿಲ್ಲ.

ಮೂರನೇ ಸೆಮ್‌ನಲ್ಲಿ ನಾನೂ ಹಳೆ ಪುಸ್ತಕ ಕೊಂಡಿದ್ದೆ. ಪರೀಕ್ಷೆಗೆ ಒಂದು ವಾರ ಇರುವಾಗ ನೋಡಿದರೆ ನಡುವೆ 16 ಪುಟ ಇಲ್ಲ! ರಾತ್ರಿಯಿಡೀ ಗೆಳತಿಯ ಪುಸ್ತಕ ನೋಡಿ ಬರೆದುಕೊಂಡೆ. ಅದಕ್ಕೇ ಈ ಸಲ ಎಲ್ಲ ಪುಸ್ತಕಗಳ ಒಂದೊಂದೇ ಪುಟ ತಿರುವಿ ನೋಡಿದ್ದೇನೆ. ಯಾವುದರಲ್ಲೂ ಪುಟ ಹೋಗಿಲ್ಲ. ಬೇರೆ ಕೊರತೆ ಏನಿದೆಯೋ ಇಲ್ಲೇ ಹೇಳುತ್ತೇನೆ.

ಗಣಿತ, ಗ್ರೇವಾಲ್ ಅವರ ದಪ್ಪ ಪುಸ್ತಕ: 350 ರೂ. ಬೆನ್ನು ಬಿಟ್ಟಿತ್ತು, ಬೈಂಡಿಂಗ್ ಮಾಡಿಸಿದ್ದೇನೆ. ಈಗ ಗಟ್ಟಿ ಇದೆ. ಇದು ಯಾವ ಬ್ರ್ಯಾಂಚಿನವರಿಗೂ ಆಗುತ್ತದೆ.

ಸರ್ವೇಯಿಂಗ್, ಪುನ್ಮಿಯ, ಮೊದಲ ಭಾಗ: 120 ರೂ. ಇದರ ಸ್ಥಿತಿ ಸ್ವಲ್ಪ ವಿವರವಾಗಿ ಹೇಳಬೇಕು. ಎರಡನೇ ವರ್ಷದ ಮಳೆಗಾಲದಲ್ಲಿ ಬ್ಯಾಗ್ ಸಮೇತ ನೆನೆದು, ಅಂಚಿಗೆಲ್ಲ ಬೂಸರು ಹಿಡಿದಿತ್ತು. ಅಮ್ಮ ಒರೆಸಿ, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಹದಿನೈದು ದಿನ ಇಟ್ಟು ಒಣಗಿಸಿದರು. ಬೂಸರು ಹೋಯಿತು, ಮತ್ತೆ ಬಂದಿಲ್ಲ. ಆದರೆ ಹಾಳೆ ಅಲೆಅಲೆಯಾಗಿ ಸೊಟ್ಟಗಾಗಿದೆ, ತೆರೆದರೆ ಈಗಲೂ ಹೊಗೆ ವಾಸನೆ. ಕಾಂಟೂರ್ ಪಾಠದಲ್ಲಿ ಕ್ಲಿಪ್ಪಿನ ತುಕ್ಕಿನ ಕಲೆ ಇದೆ. ಅಕ್ಷರ ಒಂದೂ ಅಳಿಸಿಲ್ಲ.

ಫ್ಲೂಯಿಡ್ ಮೆಕ್ಯಾನಿಕ್ಸ್, ಬನ್ಸಾಲ್: 280 ರೂ. ಬಿಡಿಸಿದ ಲೆಕ್ಕಗಳ ಪಕ್ಕದಲ್ಲಿ ನನ್ನ ಪೆನ್ಸಿಲ್ ಬರಹ ಜಾಸ್ತಿ ಇದೆ. ಬರ್ನೌಲಿ ಸಮೀಕರಣ ನನಗೆ ತಲೆಗೆ ಹತ್ತಿದ್ದೇ ಹಾಗೆ ಬರೆದುಕೊಂಡು. ಬೇಡ ಅನ್ನುವವರು ರಬ್ಬರ್‌ನಲ್ಲಿ ಅಳಿಸಿಕೊಳ್ಳಬಹುದು.

ಕಾಂಕ್ರೀಟ್ ಟೆಕ್ನಾಲಜಿ, ಎಂ.ಎಸ್. ಶೆಟ್ಟಿ: 250 ರೂ., ಹೊಸದರ ಹಾಗೇ ಇದೆ. ಎಸ್ಟಿಮೇಷನ್‌ಗೆ ದತ್ತ ಅವರದು 200 ರೂ., ರಟ್ಟಿನ ಒಂದು ಮೂಲೆ ಮುರಿದಿದೆ. ಮಿನಿ ಡ್ರಾಫ್ಟರ್ ಕೂಡ ಇದೆ, 150 ರೂ., ಸ್ಕ್ರೂ ಎಲ್ಲ ಸರಿಯಿದೆ.

ಇನ್ನು ಕೋಡ್ ಪುಸ್ತಕಗಳು. ಐಎಸ್ 456:2000 ಮತ್ತು ಐಎಸ್ 800:2007, ಜೊತೆಗೆ ಸ್ಟೀಲ್ ಟೇಬಲ್, ಮೂರೂ ಸೇರಿ 400 ರೂ. ಇವನ್ನು ಬಿಡಿಬಿಡಿಯಾಗಿ ಕೊಡುವುದಿಲ್ಲ. ಪಿಡಿಎಫ್ ಬಿಐಎಸ್ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಪರೀಕ್ಷೆ ಹಾಲ್‌ಗೆ ಮೊಬೈಲ್ ಒಯ್ಯಲಾಗಲ್ಲ, ಪುಸ್ತಕವೇ ಬೇಕು ಅಲ್ವಾ. ಹಾಲ್‌ನಲ್ಲಿ ಒಳಗೆ ಏನಾದರೂ ಬರೆದಿದೆಯಾ ಅಂತ ತೆಗೆದು ನೋಡುತ್ತಾರೆ. ಹಾಗಾಗಿ ನಾನು ಮೊದಲಿಂದಲೂ ಇವುಗಳಲ್ಲಿ ಒಂದು ಗೆರೆಯನ್ನೂ ಹಾಕಿಲ್ಲ, ಹೆಸರನ್ನೂ ಬರೆದಿಲ್ಲ. 456 ಅನ್ನು ಮೇಜಿನ ಮೇಲೆ ಸುಮ್ನೆ ಇಟ್ಟರೆ ಸಾಕು, ಶಿಯರ್ ಸ್ಟ್ರೆಂತ್‌ನ ಟೇಬಲ್ 19 ಇರುವ ಪುಟ ತಾನಾಗಿ ತೆರೆದುಕೊಳ್ಳುತ್ತದೆ. ಅಷ್ಟು ಸಲ ತೆಗೆದಿದ್ದೇನೆ.

ಹೊಸ ಸ್ಕೀಮ್‌ನವರು ಕೊಳ್ಳುವ ಮೊದಲು ನಿಮ್ಮ ಸಿಲಬಸ್ ಜೊತೆ ಒಮ್ಮೆ ತಾಳೆ ನೋಡಿಕೊಳ್ಳಿ. ಬೇಕಾದ ಪಾಠ ಇದರಲ್ಲಿದೆಯಾ ಅಂತ ಕೇಳಿದರೆ ಪರಿವಿಡಿಯ ಫೋಟೋ ಕಳಿಸುತ್ತೇನೆ.

ಎಲ್ಲವನ್ನೂ ಒಬ್ಬರೇ ತೆಗೆದುಕೊಂಡರೆ 1750 ರೂ. ಬದಲು 1450ಕ್ಕೆ ಕೊಡುತ್ತೇನೆ. ಅದಕ್ಕಿಂತ ಕಡಿಮೆ ಆಗಲ್ಲ, ದಯವಿಟ್ಟು ಚೌಕಾಸಿ ಬೇಡ. ಆದರೆ ನಿಜವಾಗಿ ದುಡ್ಡಿನ ತೊಂದರೆ ಇದ್ದರೆ ಸಂಕೋಚ ಮಾಡಬೇಡಿ, ಮೆಸೇಜ್‌ನಲ್ಲಿ ನನಗೊಬ್ಬಳಿಗೇ ಹೇಳಿ. ಅರ್ಧ ಈಗ, ಅರ್ಧ ಸ್ಕಾಲರ್‌ಶಿಪ್ ಬಂದ ಮೇಲೆ ಕೊಟ್ಟರೂ ನಡೆಯುತ್ತದೆ. ನನಗೂ ಸೀನಿಯರ್ ಅಕ್ಕ ಒಬ್ಬರು ಹಾಗೇ ಕೊಟ್ಟಿದ್ದರು.

ಪುಸ್ತಕ ತೆಗೆದುಕೊಳ್ಳುವುದು ಹೀಗೆ: ಶಿವಮೊಗ್ಗದವರು ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ 5:30ರಿಂದ 7ರ ಒಳಗೆ ನವುಲೆಗೆ ಬನ್ನಿ. ನಮ್ಮದು ಹುಡುಗಿಯರ ಪಿಜಿ, ಒಳಗೆ ಬಿಡುವುದಿಲ್ಲ. ಬಂದು ಮೆಸೇಜ್ ಹಾಕಿದರೆ ಗೇಟಿನ ಹತ್ತಿರ ತರುತ್ತೇನೆ. ಜೂನ್ 6 ಮತ್ತು 13, ಎರಡೂ ಶನಿವಾರ ಊರಿಗೆ ಹೋಗುತ್ತೇನೆ. ಮಧ್ಯಾಹ್ನ 3ರಿಂದ 3:30ರವರೆಗೆ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ, ಸಾಗರ, ಹೊಸನಗರ ಕಡೆಯವರಿಗೆ ಅಲ್ಲೇ ಅನುಕೂಲ. ತೀರ್ಥಹಳ್ಳಿಯವರು ಮರುದಿನ ಭಾನುವಾರ ಬೆಳಿಗ್ಗೆ 10ಕ್ಕೆ ಅಲ್ಲಿನ ಬಸ್ ಸ್ಟ್ಯಾಂಡಿಗೇ ಬರಬಹುದು. ಯಾವ ಪುಸ್ತಕ ಅಂತ ಹಿಂದಿನ ದಿನವೇ ಹೇಳಿ, ಎಲ್ಲವನ್ನೂ ಹೊತ್ತು ತರಲಾಗಲ್ಲ.

ಮುಂಗಡ ಬೇಡ. ಪುಸ್ತಕ ಕೈಯಲ್ಲಿ ಹಿಡಿದು ನೋಡಿದ ಮೇಲೆ ನಗದು ಅಥವಾ ಫೋನ್‌ಪೇ. ಮೊದಲು ಕೇಳಿದವರಿಗೆ ಎರಡು ದಿನ ತೆಗೆದಿಡುತ್ತೇನೆ, ಬರಲಾಗದಿದ್ದರೆ ಒಂದು ಮಾತು ತಿಳಿಸಿ. ಮಳೆ ಶುರುವಾಗಿದೆ, ಬರುವಾಗ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ತನ್ನಿ.

– ಸಹನಾ, 8ನೇ ಸೆಮ್, ಸಿವಿಲ್